ಹೊರಡುವವರಿಗೆ ಕೊಡುವ ರಿಯಾಯಿತಿ: ಒಪ್ಪಬೇಕೆ, ಬಿಡಬೇಕೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಒಂದು ಕೆಲಸಕ್ಕಾಗಿ ಡಿಸೈನ್ ಸಾಫ್ಟ್‌ವೇರ್ ಒಂದಕ್ಕೆ ತಿಂಗಳ ಚಂದಾ ಶುರು ಮಾಡಿದೆ. ಕೆಲಸ ಮುಗಿಯಿತು, ಚಂದಾ ಮುಗಿಯಲಿಲ್ಲ. ಎಂಟು ತಿಂಗಳ ಹಿಂದೆ ನಿಲ್ಲಿಸಲು ಹೋದಾಗ ಮೂರು ತಿಂಗಳು ಅರ್ಧ ದರ ಅಂದರು, ಒಪ್ಪಿದೆ, ಆಮೇಲೆ ಮರೆತೆ. ಕಳೆದ ವಾರ ಮತ್ತೆ ಫೋನ್ ಮಾಡಿದೆ. ಈ ಸಲ ಒಂದು ವರ್ಷ ಉಳಿಯುವುದಾದರೆ ಶೇ 40 ಕಡಿತ, ಇಲ್ಲವೇ ಎರಡು ತಿಂಗಳು ಶುಲ್ಕವಿಲ್ಲದೆ ವಿರಾಮ ಅಂದರು. ಇವತ್ತು ಬಿಟ್ಟರೆ ಈ ಆಫರ್ ಮತ್ತೆ ಸಿಗುವುದಿಲ್ಲವಂತೆ. ಆ ಹುಡುಗಿ ಅಷ್ಟು ಚೆನ್ನಾಗಿ ಮಾತಾಡಿದಳು, 'ಬೇಡ' ಅನ್ನಲು ಬಾಯೇ ಬರಲಿಲ್ಲ. 'ಯೋಚನೆ ಮಾಡಿ ಹೇಳ್ತೀನಿ' ಅಂದು ಇಟ್ಟುಬಿಟ್ಟೆ. ಈಗ ತಿಂಗಳಿಗೆ ಒಂದೆರಡು ಸಲ ತೆರೆದರೆ ಹೆಚ್ಚು. ಈ ಆಫರ್‌ನಲ್ಲಿ ನನಗೆ ಲಾಭ ಇದೆಯೇ? ಇಲ್ಲದಿದ್ದರೆ ಒರಟಾಗದೆ ಬೇಡ ಅನ್ನುವುದು ಹೇಗೆ?

ಉತ್ತರ: ಮೊದಲು ನಿಮ್ಮ ಖಾತೆ ತೆರೆದು ಮುಂದಿನ ಬಿಲ್ಲಿನ ದಿನಾಂಕ ನೋಡಿಕೊಳ್ಳಿ. 'ಯೋಚನೆ ಮಾಡಿ ಹೇಳ್ತೀನಿ' ಎಂದ ಕರೆ ನಿಮ್ಮ ಮನಸ್ಸಿನಲ್ಲಿ ಅರ್ಧ ಮುಗಿದ ಕೆಲಸವಾಗಿರಬಹುದು. ಅವರ ಕಂಪ್ಯೂಟರಿನಲ್ಲಿ ಮಾತ್ರ ನೀವು ಇನ್ನೂ ಎಂದಿನ ಗ್ರಾಹಕರೇ. ಹೆಚ್ಚೆಂದರೆ ನಿಮ್ಮ ಹೆಸರಿನ ಮುಂದೆ 'ಮತ್ತೆ ಕರೆ ಮಾಡಬೇಕು' ಎಂಬ ಟಿಪ್ಪಣಿ ಬಿದ್ದಿರುತ್ತದೆ. ನಾವು ಮನೆಯಲ್ಲಿ, ನೆಂಟರ ನಡುವೆ 'ನೋಡೋಣ' ಅಂದರೆ ಎದುರಿನವರಿಗೆ ಅದು 'ಇಲ್ಲ' ಎಂದೇ ಅರ್ಥವಾಗುತ್ತದೆ. ಕಾಲ್ ಸೆಂಟರಿನಲ್ಲಿ ಆ ಅರ್ಥಕ್ಕೆ ಒತ್ತಲು ಬಟನ್ ಇಲ್ಲ. ನಿಂತಿತು ಅನ್ನುವುದಕ್ಕೊಂದು ಗುರುತಿದೆ, ಉಳಿದರು ಅನ್ನುವುದಕ್ಕೊಂದಿದೆ, ಇನ್ನೂ ತೀರ್ಮಾನವಾಗಿಲ್ಲ ಅನ್ನುವುದಕ್ಕೊಂದಿದೆ. ನೀವು ಈಗ ಇರುವುದು ಮೂರನೆಯದರಲ್ಲಿ, ಅದರಲ್ಲಿ ಚಂದಾ ಹಣ ಎಂದಿನಂತೆ ಹೋಗುತ್ತಲೇ ಇರುತ್ತದೆ.

ಇದು ನನಗೆ ಗೊತ್ತಿರುವುದು ನಾನೂ ಆ ಹುಡುಗಿಯ ಕುರ್ಚಿಯಲ್ಲಿ ಕೆಲವು ವರ್ಷ ಕೂತಿದ್ದರಿಂದ. ಚಂದಾ ನಿಲ್ಲಿಸಲು ಬರುವ ಕರೆಗಳನ್ನು ಮಾತ್ರ ತೆಗೆದುಕೊಳ್ಳುವ ವಿಭಾಗ ಅದು. ಹೊರಗಿನವರಿಗೆ ಅದೂ ಕಸ್ಟಮರ್ ಕೇರ್. ಒಳಗೆ ಅದಕ್ಕೆ ರಿಟೆನ್ಷನ್ ಅನ್ನುತ್ತಾರೆ, ಹೊರಟವರನ್ನು ಹಿಡಿದು ನಿಲ್ಲಿಸುವ ಮೇಜು. ಈಗ ನಾನು ಈ ಕಡೆ ಕೂತು, ಆ ಮೇಜಿಗೆ ಕರೆ ಮಾಡುವವರಿಗೆ ಸಲಹೆ ಕೊಡುತ್ತೇನೆ.

ನೀವು ಕೇಳಿದ ಲಾಭದ ಮಾತನ್ನು ಮೊದಲು ತೆಗೆದುಕೊಳ್ಳೋಣ. ನಿಮ್ಮ ಪೂರ್ತಿ ದರವನ್ನು ತಿಂಗಳಿಗೆ 100 ಎಂದಿಟ್ಟುಕೊಳ್ಳಿ, ನಿಜವಾದ ಮೊತ್ತ ಎಷ್ಟೇ ಇದ್ದರೂ ಲೆಕ್ಕ ಅದೇ. ಕಳೆದ ಸಲ ಒಪ್ಪಿದ ಅರ್ಧ ದರಕ್ಕೆ ಮೂರು ತಿಂಗಳಲ್ಲಿ 150 ಕೊಟ್ಟಿರಿ. ಆಮೇಲೆ ಮರೆತ ಐದು ತಿಂಗಳಿಗೆ 500. ಒಟ್ಟು 650. ಆಫರ್ ಇಲ್ಲದೆ ಸುಮ್ಮನೆ ಉಳಿದಿದ್ದರೆ 800 ಆಗುತ್ತಿತ್ತು. 'ಅರ್ಧ ದರ' ಎಂದು ಕೇಳಿಸಿದ್ದು ಎಂಟು ತಿಂಗಳು ಕಳೆಯುವಷ್ಟರಲ್ಲಿ ಶೇ 19ರಷ್ಟು ಕಡಿತವಾಗಿ ಇಳಿದಿದೆ. ಆದರೆ ಈ ಹೋಲಿಕೆಯೇ ತಪ್ಪು ಜಾಗದಿಂದ ಶುರುವಾಗುತ್ತದೆ. ಆ ದಿನ ನೀವು ಫೋನ್ ಮಾಡಿದ್ದು ಉಳಿಯಲಿಕ್ಕಲ್ಲ, ಹೊರಡಲಿಕ್ಕೆ. ಹೊರಟಿದ್ದರೆ ಈ ಎಂಟು ತಿಂಗಳಲ್ಲಿ ಕೊಡಬೇಕಾಗಿದ್ದದ್ದು ಸೊನ್ನೆ. ಉಳಿತಾಯ ಎಂದು ಅವರು ತೋರಿಸಿದ 150ರ ಬೆನ್ನಿಗೆ 650 ಹೊರಗೆ ಹೋಗಿದೆ. ಈ ಅವಧಿಯಲ್ಲಿ ಹನ್ನೆರಡು ಸಲ ಅದನ್ನು ತೆರೆದಿದ್ದೀರಿ ಅಂದುಕೊಂಡರೂ, ತೆರೆದ ಒಂದೊಂದು ಸಲಕ್ಕೂ ಅರ್ಧ ತಿಂಗಳ ಶುಲ್ಕಕ್ಕಿಂತ ಹೆಚ್ಚು ಬಿದ್ದಿದೆ.

ರಿಯಾಯಿತಿಯ ಮಾತು ಬಂದಾಗ ಮನಸ್ಸು ತಾನಾಗಿಯೇ ಪೂರ್ತಿ ದರವನ್ನು ಎದುರಿಗೆ ಇಟ್ಟುಕೊಳ್ಳುತ್ತದೆ. ನಮಗೆ ಕೊಟ್ಟಿದ್ದ ಮಾತಿನ ನಮೂನೆಯೂ ಅದಕ್ಕೆ ತಕ್ಕಂತೆಯೇ ಇರುತ್ತಿತ್ತು. 'ನಿಮಗೆ ವರ್ಷಕ್ಕೆ ಇಷ್ಟು ಉಳಿಯುತ್ತದೆ' ಎನ್ನಬೇಕಿತ್ತು, 'ವರ್ಷಕ್ಕೆ ಇಷ್ಟು ಕೊಡುತ್ತೀರಿ' ಎಂದು ಯಾರೂ ಹೇಳುತ್ತಿರಲಿಲ್ಲ. ನಿಲ್ಲಿಸಬೇಕೆಂದು ಹೊರಟವರ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರಬೇಕಾದದ್ದು ಸೊನ್ನೆ. ನನ್ನ ಬಳಿ ಬರುವವರಿಗೆ ನಾನು ಕೇಳುವ ಪ್ರಶ್ನೆ ಇಷ್ಟೇ: ಈ ಸೇವೆ ನಿಮ್ಮ ಹತ್ತಿರ ಇಲ್ಲವೇ ಇಲ್ಲ, ಇವತ್ತು ಯಾರೋ ಬಂದು ಈ ಕಡಿಮೆ ದರದಲ್ಲಿ ಕೊಡುತ್ತೇವೆ ಅನ್ನುತ್ತಿದ್ದಾರೆ ಅಂದುಕೊಳ್ಳಿ. ಹೊಸದಾಗಿ ಸೇರುತ್ತೀರಾ? ಸೇರುತ್ತೇನೆ ಎಂದು ಥಟ್ಟನೆ ಬಾಯಿಗೆ ಬಂದರೆ ಆಫರ್ ಒಪ್ಪಿ. ತಡವರಿಸಿದರೆ ಬಿಡಿ.

ಈಗ ಶೇ 40ರ ವಿಚಾರ. ತಿಂಗಳಿಗೆ 60, ಹನ್ನೆರಡು ತಿಂಗಳಿಗೆ 720. ಬೇಕಾದ ತಿಂಗಳು ಮಾತ್ರ ಪೂರ್ತಿ ದರ ಕೊಟ್ಟು ಸೇರಿಕೊಂಡು, ಕೆಲಸ ಮುಗಿದ ಮೇಲೆ ನಿಲ್ಲಿಸುವ ದಾರಿ ನಿಮಗೆ ಈಗಲೂ ತೆರೆದಿದೆ ಎಂದುಕೊಳ್ಳಿ. ವರ್ಷದಲ್ಲಿ ಏಳು ತಿಂಗಳು ಬೇಕಾದರೂ ಅದಕ್ಕೆ ಆಗುವುದು 700. ವರ್ಷದ ಒಪ್ಪಂದ ಅಗ್ಗವಾಗುವುದು ಎಂಟನೆಯ ತಿಂಗಳಿನಿಂದ. ತಿಂಗಳಿಗೆ ಒಂದೆರಡು ಸಲ, ಅದೂ ಬಹುಶಃ ಹಳೆಯ ಕಡತ ನೋಡಲು ತೆರೆಯುವವರಿಗೆ ವರ್ಷದಲ್ಲಿ ಎಂಟು ತಿಂಗಳು ಅದು ನಿಜಕ್ಕೂ ಬೇಕೇ? ನೀವು ಬರೆದಿರುವುದನ್ನು ನೋಡಿದರೆ ಎರಡು ತಿಂಗಳೂ ಬೇಕಾಗುವಂತೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಆ 'ಒಂದು ವರ್ಷ ಉಳಿಯುವುದಾದರೆ' ಅನ್ನುವ ಮಾತಿನಲ್ಲಿದೆ. ಹಣ ತಿಂಗಳು ತಿಂಗಳು ಕಟ್ಟುವುದರಿಂದ ಇದೂ ತಿಂಗಳ ಚಂದಾ ಎಂದೇ ಜನ ತಿಳಿಯುತ್ತಾರೆ. ಅಸಲಿಗೆ ಅದು ವರ್ಷದ ಒಪ್ಪಂದ, ಕಂತಿನಲ್ಲಿ ಕಟ್ಟುವುದು ಅಷ್ಟೆ. ನಡುವೆ ಬಿಟ್ಟರೆ ಕೆಲವು ಕಂಪನಿಗಳು ಉಳಿದ ತಿಂಗಳುಗಳ ಮೊತ್ತದಲ್ಲಿ ಅರ್ಧವನ್ನು ವಸೂಲಿ ಮಾಡುತ್ತವೆ, ಕೆಲವು ಪೂರ್ತಿ ಕೇಳುತ್ತವೆ. ಅರ್ಧದ ಲೆಕ್ಕವನ್ನೇ ಹಿಡಿಯಿರಿ. ನಾಲ್ಕು ತಿಂಗಳಾದ ಮೇಲೆ ನೀವು ಬೇಸತ್ತು ನಿಲ್ಲಿಸಿದಿರಿ. ಅಷ್ಟರಲ್ಲಿ 240 ಕಟ್ಟಿದ್ದೀರಿ. ಬಾಕಿ ಎಂಟು ತಿಂಗಳ ಮೊತ್ತ 480, ಅದರಲ್ಲಿ ಅರ್ಧ 240. ಒಟ್ಟು 480 ಕೊಟ್ಟು ನಾಲ್ಕು ತಿಂಗಳು ಬಳಸಿದಂತಾಯಿತು, ಅಂದರೆ ತಿಂಗಳಿಗೆ 120. ರಿಯಾಯಿತಿ ತೆಗೆದುಕೊಂಡು ಪೂರ್ತಿ ದರಕ್ಕಿಂತ ಹೆಚ್ಚು ಕಟ್ಟಿದ ಇಂಥ ಬಿಲ್ಲುಗಳನ್ನು ನಾನು ಎಷ್ಟೋ ನೋಡಿದ್ದೇನೆ. 'ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು?' ಎಂದು ಆ ಕರೆಯಲ್ಲೇ ಕೇಳಿದ್ದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಕೇಳಿದರೆ ಹೇಳುತ್ತಾರೆ. ಕೇಳದಿದ್ದರೆ ಷರತ್ತುಗಳನ್ನು ಗಡಗಡನೆ ಓದಿ ಮುಗಿಸುವ ಆ ಅರ್ಧ ನಿಮಿಷದಲ್ಲಿ ಅದೂ ಕಳೆದುಹೋಗುತ್ತದೆ.

ಎರಡು ತಿಂಗಳ ವಿರಾಮ ಇದಕ್ಕಿಂತ ಸಾಧು ಆಫರ್. ಮುಂದಿನ ಮೂರನೆಯ ತಿಂಗಳಿಗೆ ಒಂದು ಕೆಲಸ ಕೈಯಲ್ಲಿದೆ ಎಂದು ಗೊತ್ತಿದ್ದವರಿಗೆ ಅದು ನಿಜಕ್ಕೂ ಒಳ್ಳೆಯದು. ದುಡ್ಡು ಹೋಗುವುದಿಲ್ಲ, ಕಡತಗಳು ಇದ್ದಲ್ಲೇ ಇರುತ್ತವೆ. ಅಂಥ ಕೆಲಸ ಇಲ್ಲದವರಿಗೆ ಅದು ತೀರ್ಮಾನವನ್ನು ಅರವತ್ತು ದಿನ ಮುಂದಕ್ಕೆ ತಳ್ಳುವ ಉಪಾಯ. ವಿರಾಮ ಮುಗಿದ ದಿನ ಚಂದಾ ತಾನಾಗಿಯೇ ಶುರುವಾಗುತ್ತದೆ, ಪೂರ್ತಿ ದರದಲ್ಲಿ. ನೀವು ಒಮ್ಮೆ ಮರೆತವರು, ಇನ್ನೊಮ್ಮೆ ಮರೆಯುವುದಿಲ್ಲ ಎಂದು ನಾನಂತೂ ಪಂದ್ಯ ಕಟ್ಟಲಾರೆ. ಬೇಸರ ಮಾಡಿಕೊಳ್ಳಬೇಡಿ, ಆ ಆಫರ್ ರೂಪಿಸಿದವರ ನಂಬಿಕೆಯೂ ಅದೇ.

ಹಾಗಾದರೆ ಹೊರಟಾಗ ಕಳೆದುಕೊಳ್ಳುವುದು ಏನೂ ಇಲ್ಲವೇ? ಕೆಲವರಿಗೆ ಇರುತ್ತದೆ. ಬಹಳ ಹಿಂದೆ ಸೇರಿ, ಈಗ ಹೊಸಬರಿಗೆ ಸಿಗದ ಹಳೆಯ ದರದಲ್ಲೇ ಉಳಿದಿರುವವರು ಒಮ್ಮೆ ಹೊರಗೆ ಹೋದರೆ ಆ ದರ ಸಾಮಾನ್ಯವಾಗಿ ಹೋದಂತೆಯೇ. ಸರ್ವರಿನಲ್ಲಿ ಇಟ್ಟ ಕಡತಗಳನ್ನು ಚಂದಾ ನಿಂತ ಸ್ವಲ್ಪ ದಿನಕ್ಕೆ ಅಳಿಸುವ ಕಂಪನಿಗಳೂ ಇವೆ. ಆದ್ದರಿಂದ ನಿಲ್ಲಿಸುವ ಮೊದಲು ನಿಮ್ಮ ಕೆಲಸಗಳನ್ನು ಇಳಿಸಿಕೊಳ್ಳಿ. ಆ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುವ ಕಡತದ ಜೊತೆಗೆ ಪಿಡಿಎಫ್‌ನಂಥ, ಎಲ್ಲ ಕಡೆ ತೆರೆಯುವ ಪ್ರತಿಯನ್ನೂ ಇಟ್ಟುಕೊಳ್ಳಿ. ತಿಂಗಳಿಗೆ ಒಂದೆರಡು ಸಲ ತೆರೆಯುವ ನಿಮ್ಮ ಅಗತ್ಯ ಅಲ್ಲಿಗೇ ಮುಗಿದರೂ ಆಶ್ಚರ್ಯವಿಲ್ಲ.

'ಇವತ್ತು ಬಿಟ್ಟರೆ ಮತ್ತೆ ಸಿಗುವುದಿಲ್ಲ' ಎಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಕರೆಯಲ್ಲಿ ಆ ಹುಡುಗಿಯ ಪರದೆ ಮೇಲೆ ಬಂದ ಆಫರ್ ಆ ಕರೆಗೇ ಕಟ್ಟುಬಿದ್ದಿರಬಹುದು. ಆದರೆ ಆಫರ್‌ಗಳು ಅವರ ಬಳಿ ಒಂದು ಏಣಿಯ ಹಾಗೆ ಇರುತ್ತವೆ. ಕೆಳಗಿನ ಮೆಟ್ಟಿಲಲ್ಲಿ ಬರೀ ಮಾತು, ನೀವು ಕಳೆದುಕೊಳ್ಳುವ ಸೌಲಭ್ಯಗಳ ನೆನಪು. ಅದರ ಮೇಲೆ ವಿರಾಮ, ಸಣ್ಣ ಪ್ಲಾನ್, ಸಣ್ಣ ಕಡಿತ. ಇನ್ನೂ ಮೇಲೆ ದೊಡ್ಡ ಕಡಿತ. ತುದಿಯಲ್ಲಿ ಇರುವುದಕ್ಕೆ ಮೇಲ್ವಿಚಾರಕರ ಒಪ್ಪಿಗೆ ಬೇಕಾಗುತ್ತದೆ. ಯಾರಿಗೆ ಎಷ್ಟು ಮೆಟ್ಟಿಲು ಎಂಬುದನ್ನು ನೀವು ಎಷ್ಟು ಕಾಲದಿಂದ ಇದ್ದೀರಿ, ಯಾವ ಕಾರಣ ಹೇಳಿದಿರಿ, ಹಿಂದೆ ಆಫರ್ ತೆಗೆದುಕೊಂಡಿದ್ದೀರಾ ಎಂಬುದರ ಮೇಲೆ ಸಾಮಾನ್ಯವಾಗಿ ಸಾಫ್ಟ್‌ವೇರೇ ತೀರ್ಮಾನಿಸುತ್ತದೆ. ಕಳೆದ ಸಲ ನಿಮಗೆ ಯಾವ ಕಟ್ಟೂ ಇಲ್ಲದ ಅರ್ಧ ದರ ಸಿಕ್ಕಿತ್ತು, ಈ ಸಲ ವರ್ಷದ ಕಟ್ಟು ಬಂದಿದೆ. ನನ್ನ ಅನುಭವದಲ್ಲಿ ಇದು ಆಕಸ್ಮಿಕ ಅಲ್ಲ. ಇತ್ತೀಚೆಗೆ ಒಮ್ಮೆ ರಿಯಾಯಿತಿ ಪಡೆದವರಿಗೆ ಅದೇ ರಿಯಾಯಿತಿಯನ್ನು ಮತ್ತೆ ತೋರಿಸದಂತೆ ನಾವಿದ್ದ ಕಡೆಯೂ ತಡೆ ಇತ್ತು. ಜೊತೆಗೆ, ರಿಯಾಯಿತಿ ಮುಗಿದ ಮೇಲೂ ಐದು ತಿಂಗಳು ಪೂರ್ತಿ ದರ ಕಟ್ಟಿದವರು ಎಂಬ ದಾಖಲೆ ನಿಮ್ಮ ಹೆಸರಿನ ಮುಂದೆ ಇದ್ದೇ ಇದೆ.

ಬೆದರಿಸಿದರೆ ಸಾಕು, ದರ ಇಳಿಸಿಯೇ ಇಳಿಸುತ್ತಾರೆ ಎಂಬ ನಂಬಿಕೆಯೂ ಬಹಳ ಜನರಲ್ಲಿದೆ. ಕೆಲವೊಮ್ಮೆ ಇಳಿಸುತ್ತಾರೆ. ಆದರೆ ಬಿಡುವ ಮನಸ್ಸಿಲ್ಲದೆ ಆ ಆಟಕ್ಕೆ ಇಳಿದವರಿಗೆ 'ಆಗಲಿ, ನಿಲ್ಲಿಸಿದ್ದೇನೆ' ಎಂಬ ಉತ್ತರ ಬಂದು ಪೆಚ್ಚಾದದ್ದನ್ನೂ ಕಂಡಿದ್ದೇನೆ. ಎಲ್ಲ ಗ್ರಾಹಕರ ಹೆಸರಿನ ಮುಂದೆಯೂ ಆಫರ್ ಇರುವುದಿಲ್ಲ. ಅಂಥವರಲ್ಲಿ ಒಬ್ಬರು ಮರುದಿನ ಕರೆ ಮಾಡಿ ಹಳೆಯ ದರಕ್ಕೇ ಮತ್ತೆ ಸೇರಿಸಿ ಎಂದು ಕೇಳಿದ್ದು ನೆನಪಿದೆ. ಹಳೆಯ ದರ ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಇನ್ನು ಬೇಡ ಅನ್ನುವ ವಿಷಯ. ನಿಮಗೆ ಕಷ್ಟವಾದದ್ದು ಆ ಹುಡುಗಿಯ ಸೌಜನ್ಯ. ಅದು ನಾಟಕ ಎಂದು ನಾನು ಹೇಳುವುದಿಲ್ಲ, ಆ ಕೆಲಸದಲ್ಲಿ ಒಳ್ಳೆಯ ಮನಸ್ಸಿನವರು ಬಹಳ ಜನ ಇದ್ದಾರೆ. ಆದರೆ ಆಫರ್ ಆಕೆ ನಿಮಗಾಗಿ ಕಷ್ಟಪಟ್ಟು ತಂದ ಉಪಕಾರವಲ್ಲ. ಕರೆ ನಿಲ್ಲಿಸುವ ಮೊದಲು ಇಷ್ಟು ಸಲ ಆಫರ್ ಹೇಳಲೇಬೇಕು ಎಂಬ ನಿಯಮ ಇರುತ್ತದೆ, ನಮಗೆ ಎರಡು ಸಲ ಎಂದಿತ್ತು. ಹೇಳದಿದ್ದರೆ ಕರೆಯ ಗುಣಮಟ್ಟ ಪರೀಕ್ಷಿಸುವವರು ಅಂಕ ಕತ್ತರಿಸುತ್ತಿದ್ದರು. ಹೊರಟ ನೂರು ಜನರಲ್ಲಿ ಎಷ್ಟು ಜನರನ್ನು ಉಳಿಸಿಕೊಂಡೆವು ಎಂಬುದರ ಮೇಲೆ ತಿಂಗಳ ಟಾರ್ಗೆಟ್ ನಿಲ್ಲುತ್ತಿತ್ತು. ಉಳಿಸಿಕೊಂಡವರು ಕೆಲವೇ ವಾರದಲ್ಲಿ ಮತ್ತೆ ಹೊರಟರೆ ಆ ಲೆಕ್ಕ ವಾಪಸು ಕಿತ್ತುಕೊಳ್ಳುತ್ತಿದ್ದರು. ಅಂದರೆ ಮುಜುಗರಕ್ಕೆ ಒಪ್ಪಿ ಮುಂದಿನ ತಿಂಗಳು ನಿಲ್ಲಿಸುವ ಗ್ರಾಹಕರಿಂದ ಆ ಹುಡುಗಿಗೂ ಹೆಚ್ಚಿನ ಪ್ರಯೋಜನವಿಲ್ಲ. ಕರೆಯ ಮೊದಲ ಮಾತಿನಲ್ಲೇ ಸ್ಪಷ್ಟವಾಗಿ ಬೇಡ ಎಂದವರ ಮೇಲೆ ನನಗೆ ಕೋಪ ಬಂದದ್ದು ನೆನಪಿಲ್ಲ. ಐದು ನಿಮಿಷದಲ್ಲಿ ಕರೆ ಮುಗಿಯುತ್ತಿತ್ತು, ನೀರು ಕುಡಿಯಲು ಪುರುಸೊತ್ತು ಸಿಗುತ್ತಿತ್ತು.

2014ರಲ್ಲಿ ಅಮೆರಿಕದಲ್ಲಿ ಕೇಬಲ್, ಇಂಟರ್‌ನೆಟ್ ಸೇವೆ ಕೊಡುವ ಕಾಮ್‌ಕಾಸ್ಟ್ ಕಂಪನಿಯ ಗ್ರಾಹಕರೊಬ್ಬರು ತಮ್ಮ ಸಂಪರ್ಕ ನಿಲ್ಲಿಸಲು ಮಾಡಿದ ಕರೆಯ ಕೊನೆಯ ಎಂಟು ನಿಮಿಷಗಳಷ್ಟನ್ನು ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಆ ಕಡೆಯವನು 'ಯಾಕೆ ಬಿಡುತ್ತೀರಿ' ಎಂಬುದನ್ನೇ ಹತ್ತು ಬಗೆಯಲ್ಲಿ ಕೇಳುತ್ತಾನೆ, ಈ ಕಡೆಯವರು ದಯವಿಟ್ಟು ನಿಲ್ಲಿಸಿ ಎಂಬುದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಲಕ್ಷಾಂತರ ಜನ ಕೇಳಿದರು, ಕಂಪನಿ ಕ್ಷಮೆ ಕೇಳಿತು. ಆಮೇಲೆ ಹೊರಬಿದ್ದ ಅವರ ಆಂತರಿಕ ಪತ್ರದಲ್ಲಿ ಹಿರಿಯ ಅಧಿಕಾರಿಯೊಬ್ಬರು, ಆತ ಮಾಡಿದ್ದರಲ್ಲಿ ಬಹಳಷ್ಟು ನಾವೇ ತರಬೇತಿ ಕೊಟ್ಟು, ಸಂಬಳ ಕೊಟ್ಟು ಮಾಡಿಸುತ್ತಿರುವುದು ಎಂದು ಒಪ್ಪಿಕೊಂಡಿದ್ದರು. ನಾನು ಅದನ್ನು ಕೇಳಿದಾಗ ನಗಲಿಲ್ಲ. ನನ್ನದೇ ದನಿ ಕೇಳಿದ ಹಾಗಾಯಿತು.

ಆ 'ಯಾಕೆ' ಎಂಬ ಪ್ರಶ್ನೆಯಲ್ಲೇ ಎಲ್ಲ ಇದೆ. ನೀವು ಕೊಡುವ ಕಾರಣಕ್ಕೆ ತಕ್ಕ ಆಫರ್ ಪರದೆ ಮೇಲೆ ತೆರೆದುಕೊಳ್ಳುತ್ತದೆ. 'ದುಬಾರಿ' ಅಂದರೆ ಕಡಿತ. 'ಸದ್ಯ ಬಳಸುತ್ತಿಲ್ಲ' ಅಂದರೆ ವಿರಾಮ. 'ಸರಿಯಾಗಿ ಕೆಲಸ ಮಾಡುತ್ತಿಲ್ಲ' ಅಂದರೆ ತಾಂತ್ರಿಕ ವಿಭಾಗಕ್ಕೆ ವರ್ಗಾವಣೆ, ಅಲ್ಲಿ ಇನ್ನೊಂದು ಕಾಯುವಿಕೆ. 'ಬೇರೆ ಕಂಪನಿಗೆ ಹೋಗುತ್ತೇನೆ' ಅಂದರೆ ಇಬ್ಬರ ಹೋಲಿಕೆಯ ದೊಡ್ಡ ಪಟ್ಟಿ. ನಿಮಗೆ ವರ್ಷದ ಕಡಿತ, ವಿರಾಮ ಎರಡೂ ಬಂದಿವೆ ಎಂದರೆ ನೀವು 'ದುಬಾರಿ, ಈಗ ಅಷ್ಟಾಗಿ ಬಳಸುತ್ತಿಲ್ಲ' ಎಂದು ಎರಡನ್ನೂ ಹೇಳಿರಬೇಕು ಎಂಬುದು ನನ್ನ ಊಹೆ. ಪ್ರತಿ ಕಾರಣವೂ ಅವರ ಕೈಗೆ ಕೊಟ್ಟ ಒಂದು ಹಿಡಿ. ಒಮ್ಮೆ ಒಬ್ಬ ಹಿರಿಯರು ನನಗೆ ಇಪ್ಪತ್ತು ನಿಮಿಷ ವಿವರಿಸಿದರು. ಕಣ್ಣು ಮಂಜು, ಮಗ ಬೇರೆ ಕಡೆ ಇದ್ದಾನೆ, ಸಂಜೆ ಹೊತ್ತು ನೋಡಲು ಆಗುವುದಿಲ್ಲ. ಅವರು ಒಂದೊಂದು ಹೇಳಿದಾಗಲೂ ನನ್ನ ಪರದೆಯಲ್ಲಿ ಒಂದೊಂದು ಉತ್ತರ ಸಿದ್ಧವಾಗಿತ್ತು. ಅಕ್ಷರ ದೊಡ್ಡದು ಮಾಡಬಹುದು, ಮಗನಿಗೂ ಅದೇ ಚಂದಾದಲ್ಲಿ ಅವಕಾಶ ಕೊಡಬಹುದು, ಬೆಳಗ್ಗೆ ನೋಡಬಹುದು. ಕೊನೆಗೆ ಆರು ತಿಂಗಳಿಗೆ ಒಪ್ಪಿದರು. ಅವರನ್ನು ಸೋಲಿಸಿದ್ದು ನನ್ನ ಜಾಣತನವಲ್ಲ, ಅವರ ಸಂಕೋಚ. ಕಾರಣ ಸರಿಯಿದೆ ಎಂದು ಎದುರಿನವರು ಒಪ್ಪಿದರೆ ಮಾತ್ರ ತಾವು ಹೊರಡಬಹುದು ಎಂದು ಅವರು ತಿಳಿದಿದ್ದರು.

ನೀವು ಕಾರಣವನ್ನು ಒಪ್ಪಿಸಬೇಕಾಗಿಲ್ಲ. ಕೇಳಿದರೆ 'ಕೆಲಸ ಮುಗಿಯಿತು, ಇನ್ನು ಬೇಕಾಗಿಲ್ಲ' ಎನ್ನಿ. ನಿಮ್ಮ ಮಟ್ಟಿಗೆ ಅದು ನಿಜವೂ ಹೌದು, ಹಿಡಿಯಲು ಹೆಚ್ಚು ಜಾಗವೂ ಅದರಲ್ಲಿಲ್ಲ. ಸುಳ್ಳು ಕಾರಣ ಮಾತ್ರ ಬೇಡ. ಊರು ಬಿಡುತ್ತಿದ್ದೇನೆ ಅಂದರೆ ಯಾವಾಗ, ಎಲ್ಲಿಗೆ, ಅಲ್ಲೂ ನಮ್ಮ ಸೇವೆ ಇದೆಯಲ್ಲ ಎಂದು ಮಾತು ಬೆಳೆಯುತ್ತದೆ. ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸುತ್ತಾ ಕೂರಬೇಕಾಗುತ್ತದೆ.

ನಿಮ್ಮ ಮುಂದಿನ ಕರೆ ಹೆಚ್ಚುಕಡಿಮೆ ಹೀಗಿರಲಿ.

"ನಮಸ್ಕಾರ. ನನ್ನ ಚಂದಾ ಇವತ್ತೇ ನಿಲ್ಲಿಸಬೇಕು. ಆಫರ್‌ಗಳನ್ನು ಕಳೆದ ವಾರವೇ ಕೇಳಿದ್ದೇನೆ, ಬೇಡ ಎಂದು ತೀರ್ಮಾನ ಮಾಡಿದ್ದೇನೆ."

"ಕಾರಣ ತಿಳಿಯಬಹುದಾ ಮೇಡಂ?"

"ಕೆಲಸ ಮುಗಿಯಿತು, ಇನ್ನು ಬೇಕಾಗಿಲ್ಲ."

"ಸರಿ ಮೇಡಂ. ಆದರೆ ನಿಮ್ಮಂಥ ಹಳೆಯ ಗ್ರಾಹಕರಿಗೆ ಅಂತಲೇ ಇವತ್ತು ಒಂದು ವಿಶೇಷ ಕಡಿತ ಇದೆ…"

"ಹೇಳಿದ್ದಕ್ಕೆ ಥ್ಯಾಂಕ್ಸ್. ನೀವು ಕೇಳಲೇಬೇಕು ಅಂತ ಗೊತ್ತು. ನನಗೆ ಬೇಡ, ನಿಲ್ಲಿಸಿಬಿಡಿ."

"ಹಾಗಾದರೆ ಎರಡು ತಿಂಗಳು ವಿರಾಮದಲ್ಲಿ ಇಡಲಾ? ದುಡ್ಡೇನೂ ಇಲ್ಲ."

"ವಿರಾಮವೂ ಬೇಡ. ನಿಲ್ಲಿಸಿ, ರೆಫರೆನ್ಸ್ ನಂಬರ್ ಕೊಡಿ, ಬರೆದುಕೊಳ್ಳುತ್ತೇನೆ."

ಇದರಲ್ಲಿ ಒರಟುತನ ಎಲ್ಲೂ ಇಲ್ಲ. ನಿಮ್ಮ ಕಡೆಯಿಂದ ಇಲ್ಲದಿರುವುದು 'ಆದರೆ', 'ಸ್ವಲ್ಪ', 'ಸದ್ಯಕ್ಕೆ' ಎಂಬ ಮಾತುಗಳು. 'ಸದ್ಯಕ್ಕೆ ಬೇಡ' ಎಂದು ನಯವಾಗಿ ಹೇಳಿದರೆ ವಿರಾಮದ ಆಫರ್‌ಗೆ ನೀವೇ ಬಾಗಿಲು ತೆಗೆದಂತೆ. 'ನೀವು ಕೇಳಲೇಬೇಕು ಅಂತ ಗೊತ್ತು' ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ, ಆ ಕಡೆಯವರ ಹೆಗಲಿನ ಭಾರ ಅದರಿಂದ ಸ್ವಲ್ಪ ಇಳಿಯುತ್ತದೆ. ಮೂರನೆಯ ಸಲವೂ ಹೊಸ ಆಫರ್ ಬಂದರೆ ಹೊಸ ಉತ್ತರ ಹುಡುಕಬೇಡಿ. ಅದೇ ವಾಕ್ಯವನ್ನು ಅದೇ ದನಿಯಲ್ಲಿ ಹೇಳಿ. ಒಂದೇ ಉತ್ತರ ಎರಡು ಸಲ ಬಂದರೆ ನಾವು ಮುಂದಿನ ಪುಟಕ್ಕೆ ಹೋಗುತ್ತಿದ್ದೆವು.

ಫೋನಿನ ಮುಜುಗರವೇ ಬೇಡವೆಂದರೆ ಖಾತೆಯ ಸೆಟ್ಟಿಂಗ್ಸ್‌ನಲ್ಲೇ ನಿಲ್ಲಿಸಲು ಬರುತ್ತದೆಯೇ ನೋಡಿ. ಅಲ್ಲಿ ಸೌಜನ್ಯದ ಹುಡುಗಿ ಇರುವುದಿಲ್ಲ, ಅವಳ ಜಾಗದಲ್ಲಿ ಬಟನ್‌ಗಳಿರುತ್ತವೆ. ಕಾರಣ ಕೇಳುವ ಪುಟ, ಆಫರ್ ಪುಟ, ಕಳೆದುಕೊಳ್ಳುವುದರ ಪಟ್ಟಿ, ಕೊನೆಗೆ ಖಚಿತಪಡಿಸುವ ಪುಟ. ಆಫರ್ ಪುಟದಲ್ಲಿ Keep my plan ಎಂಬಂಥದ್ದು ದಪ್ಪ ಬಣ್ಣದ ಬಟನ್ ಆಗಿದ್ದು, Continue to cancel ಎಂಬುದು ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇರುವುದು ಸಾಮಾನ್ಯ. ಬಣ್ಣ ನೋಡಿ ಒತ್ತಬೇಡಿ, ಅಕ್ಷರ ಓದಿ ಒತ್ತಿ. 'ಬೇಡ, ನನಗೆ ಉಳಿತಾಯ ಇಷ್ಟವಿಲ್ಲ' ಎಂಬ ಧಾಟಿಯಲ್ಲಿ ಚುಚ್ಚುವ ಬಟನ್ ಕಂಡರೂ ನಿಮಗೆ ಬೇಕಾದದ್ದು ಬಹುಶಃ ಅದೇ. ಇಲ್ಲಿ ಜನ ಎಡವುವುದು ಆಫರ್ ಪುಟದಲ್ಲಿ. ಆಫರ್ ಬೇಡ ಎಂದು ಆ ಪುಟವನ್ನೇ ಮುಚ್ಚಿಬಿಡುತ್ತಾರೆ, ನಿಂತಿತು ಅಂದುಕೊಳ್ಳುತ್ತಾರೆ. ಇನ್ನೂ ಎರಡು ಪುಟ ಬಾಕಿ ಇರುತ್ತದೆ.

ಮೊಬೈಲಿನ ಆ್ಯಪ್ ಸ್ಟೋರ್ ಮೂಲಕ ಚಂದಾ ಕಟ್ಟುತ್ತಿದ್ದರೆ ನಿಲ್ಲಿಸುವ ಜಾಗ ಆ ಸ್ಟೋರಿನ ಚಂದಾ ಪಟ್ಟಿಯಲ್ಲಿರುತ್ತದೆ, ಕಂಪನಿಯ ಸೈಟಿನಲ್ಲಿ ಅಲ್ಲ. ಆ್ಯಪ್ ಅಳಿಸಿ ಹಾಕಿದರೆ ಚಂದಾ ನಿಲ್ಲುವುದಿಲ್ಲ. ಕಾರ್ಡ್ ಬ್ಲಾಕ್ ಮಾಡಿಸುವುದೂ ಸರಿಯಾದ ದಾರಿಯಲ್ಲ, ಒಪ್ಪಂದ ಜೀವಂತ ಇದ್ದರೆ ಹಣ ಬಾಕಿ ಎಂದೇ ಅವರ ಲೆಕ್ಕದಲ್ಲಿ ಉಳಿಯಬಹುದು.

ನಿಂತಿದೆ ಎಂಬುದಕ್ಕೆ ಪುರಾವೆ ದೃಢೀಕರಣದ ಇಮೇಲ್. ಅದರಲ್ಲಿ ಕೊನೆಯ ದಿನಾಂಕ ಇರಬೇಕು. ಖಾತೆಯಲ್ಲಿ 'ಮುಂದಿನ ಬಿಲ್ ಇಂಥ ದಿನ' ಎಂದಿದ್ದ ಕಡೆ 'ಇಂಥ ದಿನ ಮುಗಿಯುತ್ತದೆ' ಎಂದು ಬದಲಾಗಿರಬೇಕು. ಕರೆ ಮುಗಿಯುವ ಮುಂಚೆಯೇ ಇಮೇಲ್ ಬಂತೇ ನೋಡಿ, ಬರದಿದ್ದರೆ ಅವರು ಲೈನಿನಲ್ಲಿ ಇರುವಾಗಲೇ ಕೇಳಿ. ಮುಂದಿನ ಬಿಲ್ಲಿನ ದಿನಕ್ಕಿಂತ ಮೂರು ನಾಲ್ಕು ದಿನವಾದರೂ ಮುಂಚೆ ಈ ಕೆಲಸ ಮುಗಿಸಿ. ಹೆಚ್ಚಿನ ಕಡೆ ಕಟ್ಟಿದ ತಿಂಗಳು ಮುಗಿಯುವವರೆಗೆ ಬಳಸಲು ಬಿಡುತ್ತಾರೆ, ಆದರೆ ಎಲ್ಲ ಕಡೆಯೂ ಅಲ್ಲ. ಆದ್ದರಿಂದ ಕಡತ ಇಳಿಸಿಕೊಂಡ ಮೇಲೆಯೇ ಫೋನ್ ಎತ್ತಿ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆಫರ್ ಒಪ್ಪುವವರೆಲ್ಲ ಮೋಸ ಹೋದವರಲ್ಲ. ದಿನಾ ಬಳಸುವ ಸೇವೆ, ದರ ಏರಿತೆಂದು ಮಾತ್ರ ಬೇಸರ, ಯಾವ ಕಟ್ಟೂ ಇಲ್ಲದ ಕಡಿತ ಸಿಕ್ಕಿದೆ ಎಂದರೆ ನಾನೂ ಒಪ್ಪುತ್ತೇನೆ, ಒಪ್ಪಿದ್ದೇನೆ. ಆಗ ಎಷ್ಟು ತಿಂಗಳು, ಆಮೇಲೆ ಯಾವ ದರ, ನಡುವೆ ಬಿಟ್ಟರೆ ಏನು ಎಂದು ಕೇಳಿ ಇಮೇಲ್‌ನಲ್ಲಿ ಕಳಿಸಲು ಹೇಳುತ್ತೇನೆ. ರಿಯಾಯಿತಿ ಮುಗಿಯುವ ದಿನಕ್ಕೆ ಒಂದು ವಾರ ಮುಂಚೆ ಮೊಬೈಲಿನಲ್ಲಿ ನೆನಪಿನ ಗಂಟೆ ಇಡುತ್ತೇನೆ, ಅದೂ ಕರೆ ಇಟ್ಟ ಕೂಡಲೇ. ಸಂಜೆ ಇಟ್ಟರಾಯಿತು ಅಂದುಕೊಂಡ ಗಂಟೆ ನನ್ನ ಅನುಭವದಲ್ಲಿ ಎಂದೂ ಬಾರಿಸಿಲ್ಲ.

ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ: ಎರಡೂ ಆಫರ್ ಬಿಡಿ, ನಿಲ್ಲಿಸಿ. ನಿಂತ ಕೆಲವು ವಾರಗಳಲ್ಲಿ 'ಮರಳಿ ಬನ್ನಿ' ಎಂಬ ಇಮೇಲ್ ಬಂದರೂ ಬರಬಹುದು. ಹೋದವರನ್ನು ಕರೆಯಲು ಬೇರೆಯೇ ಆಫರ್ ಇಡುವ ಕಂಪನಿಗಳು ಬಹಳ ಇವೆ, ಒಮ್ಮೊಮ್ಮೆ ಅದು ಹೊರಡುವಾಗ ಹೇಳಿದ್ದಕ್ಕಿಂತ ಒಳ್ಳೆಯದೂ ಆಗಿರುತ್ತದೆ. ಬಂದೇ ಬರುತ್ತದೆ ಎಂದು ಕಾಯಬೇಡಿ. ಬಂದ ದಿನ ಕೈಯಲ್ಲಿ ಡಿಸೈನ್ ಕೆಲಸ ಇದ್ದರೆ ತೆರೆದು ಓದಿ, ಇಲ್ಲದಿದ್ದರೆ ಹಾಗೇ ಅಳಿಸಿಬಿಡಿ. ಅದಕ್ಕಂತೂ ಯಾರಿಗೂ ಬೇಡ ಎಂದು ಹೇಳಬೇಕಾಗಿಲ್ಲ.